ಲಾಕ್‌ಔಟ್ ಪಾಠ ಕನ್ನಡದಲ್ಲಿ ಕೂತ ಬಗೆ

ಲೋಹ ಒತ್ತೋ ಯಂತ್ರಗಳಿರೋ ಪೀಣ್ಯದ ಪ್ರೆಸ್ ಶಾಪ್ ಒಂದರ ಲಾಕ್‌ಔಟ್-ಟ್ಯಾಗ್‌ಔಟ್ ವಿಡಿಯೋ. ರಿಪೇರಿಗೆ ಮುಂಚೆ ಯಂತ್ರದ ಕರೆಂಟ್ ಕಡಿದು, ಯಾರೂ ಚಾಲೂ ಮಾಡದ ಹಾಗೆ ಬೀಗ, ಟ್ಯಾಗ್ ಹಾಕೋ ಪಾಠ ಅದು. ಇಂಗ್ಲಿಷಿನಲ್ಲಿ 8 ನಿಮಿಷ, ಹೆಚ್ಚುಕಮ್ಮಿ 1,100 ಪದ; ಅದನ್ನು ಕನ್ನಡಕ್ಕೆ ತರೋ ಕೆಲಸ ನನ್ನದು. ‘ಟೆಕ್ನಿಕಲ್ ಪದ ಕನ್ನಡದಲ್ಲಿ ನಿಲ್ಲಲ್ಲ’ ಅಂತ ಆಫೀಸಿನವರು ಮೊದಲೇ ತೀರ್ಮಾನಿಸಿದ್ದರು. ನನ್ನ ಮೊದಲ ಕರಡು ಅವರ ಮಾತನ್ನೇ ನಿಜ ಮಾಡಿತು. ‘ವಿದ್ಯುತ್ ಸಂಪರ್ಕ ವಿಚ್ಛೇದಿಸಿ’ ಅಂದಾಗ ಹೆಲ್ಪರ್‌ಗಳಿಗೆ ನೆನಪಾಗಿದ್ದು ಕೋರ್ಟು.

ಎರಡನೇ ಕರಡಲ್ಲಿ ಐಸೊಲೇಟ್ ಅನ್ನೋ ಕಡೆಯೆಲ್ಲ ‘ಆಫ್ ಮಾಡಿ’ ಅಂತ ಹಾಕಿದೆ. ಎಲ್ಲರಿಗೂ ಅರ್ಥವಾಯಿತು, ಆದರೆ ತಪ್ಪಾಗಿ: ಹೋಗಿ ಸ್ಟಾಪ್ ಬಟನ್ ಒತ್ತಿದರು. ಪ್ಯಾನೆಲ್‌ನಲ್ಲಿ ಕರೆಂಟ್ ಹಾಗೇ ಇತ್ತು. ಕೊನೆಗೆ ಉಳಿದದ್ದು ಇದು: ‘ಸ್ಟಾಪ್ ಬಟನ್ ಸಾಲದು. ಪ್ಯಾನೆಲ್ ಮೇನ್ ಆಫ್ ಮಾಡಿ, ಬೀಗ ಹಾಕಿ, ಕೀ ನಿಮ್ಮ ಜೇಬಲ್ಲಿಟ್ಟುಕೊಳ್ಳಿ. ಇದಕ್ಕೇ ಐಸೊಲೇಶನ್ ಅನ್ನೋದು.’ ಕೆಲಸ ಮೊದಲು, ಹೆಸರು ಆಮೇಲೆ. ಟ್ಯಾಗ್ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾಗಿರೋ ಪದವನ್ನು ನಾನು ಬದಲಿಸಲ್ಲ.

ಸ್ಟೋರ್ಡ್ ಎನರ್ಜಿ, ಅಂದರೆ ಮೇನ್ ಆಫ್ ಆದ ಮೇಲೂ ಯಂತ್ರದೊಳಗೆ ಉಳಿದಿರೋ ಶಕ್ತಿ, ಅದರಲ್ಲಿ ಬಿದ್ದ ಪೆಟ್ಟು ದೊಡ್ಡದು. ‘ಶೇಖರಿತ ಶಕ್ತಿ’ ಯಾರಿಗೂ ತಲುಪಲಿಲ್ಲ. ಪ್ರೆಸ್ಸಿನಲ್ಲಿ ಮೇಲಿಂದ ಇಳಿದು ಲೋಹ ಒತ್ತೋ ಭಾರದ ಭಾಗ ರ್‍ಯಾಮ್. ಹೀಗೆ ಬಿಡಿಸಿ ಬರೆದೆ: ಏರ್ ಬಿಟ್ಟು, ರ್‍ಯಾಮ್‌ಗೆ ಸೇಫ್ಟಿ ಬ್ಲಾಕ್ ಕೊಟ್ಟು, ಕೈ ಹಾಕಿ. ಇಂಗ್ಲಿಷಿನಲ್ಲಿ ಅದು ಬರೀ ಪಟ್ಟಿ, ಯಾವುದು ಮೊದಲು ಅನ್ನೋ ಮಾತೇ ಇರಲಿಲ್ಲ. ಕನ್ನಡದಲ್ಲಿ ‘ಬಿಟ್ಟು, ಕೊಟ್ಟು’ ಅಂದ ಕೂಡಲೇ ಅದು ಸಾಲಾಗಿ ಮಾಡೋ ಕೆಲಸವಾಗತ್ತೆ. ಆ ಪ್ರೆಸ್ಸಿನಲ್ಲಿ ರ್‍ಯಾಮ್‌ನ ಭಾರ ಹೊರೋದು ಬ್ಯಾಲೆನ್ಸ್ ಸಿಲಿಂಡರಿನ ಗಾಳಿ. ಗಾಳಿ ಮೊದಲು ಹೋದರೆ ರ್‍ಯಾಮ್ ಕೆಳಗಿಳಿಯಬಹುದು. ಈ ತಪ್ಪು ಹಿಡಿದದ್ದು ಮೇಂಟೆನೆನ್ಸ್ ಫಿಟ್ಟರ್, ಅದೂ ರೆಕಾರ್ಡಿಂಗ್ ಮುಗಿದ ಮೇಲೆ. ಸ್ಟುಡಿಯೋಗೆ ಮತ್ತೆ ಸುಮಾರು 4 ಸಾವಿರ, ನನ್ನ ಕೈಯಿಂದಲೇ. ಈಗಿನ ಸಾಲು: ಫ್ಲೈವೀಲ್ ಪೂರ್ತಿ ನಿಲ್ಲಲಿ, ಬ್ಲಾಕ್ ಕೊಡಿ, ಆಮೇಲೆ ಏರ್ ಬಿಡಿ, ಗೇಜ್ ಸೊನ್ನೆಗೆ ಬಂತಾ ನೋಡಿ.

ಎಡವೋ ಇನ್ನೊಂದು ಜಾಗ, ‘ಮೇ ನಾಟ್’. ಬೇರೆಯವರು ಬೀಗ ‘ತೆಗೆಯದೇ ಇರಬಹುದು’ ಅಂತ ಯಾರೋ ಹಿಂದೆ ಬರೆದಿಟ್ಟಿದ್ದರು. ನಿಷೇಧವೇ ಮಾಯ! ‘ಹಾಕಿದವರೇ ತೆಗೀಬೇಕು, ಬೇರೆ ಯಾರೂ ಮುಟ್ಟಬಾರದು’ ಅಂತ ತಿದ್ದಿದೆ.

ಕನ್ನಡ ಕರಡನ್ನು ಓದಿಸಿದಾಗ 11 ನಿಮಿಷ ದಾಟಿತ್ತು. ‘ಮಾಡಲಾಗುತ್ತದೆ, ಖಚಿತಪಡಿಸಿಕೊಳ್ಳತಕ್ಕದ್ದು’ ಇವನ್ನು ಕಿತ್ತದ್ದಕ್ಕೇ ಒಂದೂವರೆ ನಿಮಿಷ ಇಳಿಯಿತು. ಉಳಿದದ್ದನ್ನು ದೃಶ್ಯದ ಜತೆ ಹೇಗೆ ಹೊಂದಿಸಿದೆ ಅನ್ನೋದು ನನ್ನ ಹೊಟ್ಟೆಪಾಡು, ಇಲ್ಲಿ ಬೇಡ. ಕಲಬುರಗಿ ಕಡೆಯ ಹುಡುಗರಿಗೆಂದು ‘ಮಾಡ್ರಿ, ನೋಡ್ರಿ’ ಧಾಟಿಯಲ್ಲೂ ಒಂದು ಓದಿಸಿ ನೋಡಿದೆ. ಬೆಂಗಳೂರಿನವರ ಬಾಯಲ್ಲಿ ಅದು ಅಣಕದ ಹಾಗೆ ಕೇಳಿಸಿತು, ಬಿಟ್ಟೆ.

ಪರೀಕ್ಷೆಗೆ ಐದಾರು ಜನ ಸಾಕು. ‘ಅರ್ಥ ಆಯ್ತಾ’ ಅಂತ ಕೇಳಿದರೆ ಎಲ್ಲರೂ ಹೂಂ ಅಂತಾರೆ. ಬೀಗ ಕೈಗೆ ಕೊಟ್ಟು ‘ಮಾಡಿ ತೋರ್ಸಿ’ ಅನ್ನಬೇಕು. ಕೊನೆಯ ಕರಡಿಗೆ ಆರರಲ್ಲಿ ಐದು ಜನ ಸರಿಯಾಗಿ ಮಾಡಿದರು. ಆರನೆಯವರು ಬೀಗ ಹಾಕಿ, ಕೀ ಬೀಗದಲ್ಲೇ ಬಿಟ್ಟಿದ್ದರು. ‘ಕೀ ಜೇಬಲ್ಲಿ’ ಅನ್ನೋದು ಈಗ ಎರಡು ಸಲ ಬರತ್ತೆ.