ಇಸಿಯಲ್ಲಿ ಕಾಣದ ಇಬ್ಬರು ಹೆಣ್ಣುಮಕ್ಕಳು

ಉಪನೋಂದಣಾಧಿಕಾರಿ ಕಚೇರಿಯ ಎದುರು ಪತ್ರ ಬರಹಗಾರನಾಗಿ ಬಹುಕಾಲ ಕುಳಿತಿರುವ ನನಗೆ, ಕ್ರಯಪತ್ರವನ್ನು ಕೈಗೆ ತೆಗೆದುಕೊಂಡೊಡನೆ ಮೊದಲು ಓದುವುದು ಬೆಲೆಯ ಸಾಲನ್ನಲ್ಲ, ಷೆಡ್ಯೂಲನ್ನೂ ಅಲ್ಲ. ಬರೆದುಕೊಡುವವರಿಗೆ ಆ ಸ್ವತ್ತು ಹೇಗೆ ಬಂತೆಂದು ಹೇಳುವ ವಾಕ್ಯವನ್ನು. ಇಂಥ ದಿನಾಂಕದ, ಇಂಥ ನಂಬರಿನ ಕ್ರಯಪತ್ರದ ಮೂಲಕ ಬಂತೆಂದು ಅಲ್ಲಿದ್ದರೆ ಆ ಹಿಂದಿನ ಪತ್ರವನ್ನು ತರಿಸಿ ನೋಡಬಹುದು. ಹಾಗಿಲ್ಲದೆ ‘ಪಿತ್ರಾರ್ಜಿತವಾಗಿ ಬಂದು ನಮ್ಮ ಸ್ವಾಧೀನಾನುಭವದಲ್ಲಿರುತ್ತದೆ’ ಎಂದಷ್ಟೇ ಇದ್ದರೆ, ಪರಿಶೀಲನೆಯ ನಿಜವಾದ ಕೆಲಸ ಅಲ್ಲಿಂದಲೇ ಶುರುವಾಗುತ್ತದೆ.

ನನ್ನ ಸೋದರಮಾವನ ಮಗ ಕೊಳ್ಳಬೇಕೆಂದು ತಂದಿದ್ದ ಕಾಗದಗಳಲ್ಲಿ ಇದೇ ವಾಕ್ಯವಿತ್ತು. ಸರ್ವೆ ನಂಬರ್ 84/2, ಎರಡು ಎಕರೆ ಹತ್ತು ಗುಂಟೆ ಖುಷ್ಕಿ ಜಮೀನು. ಈಗಿನ ಮಾರಾಟಗಾರರು ಅದನ್ನು 2009ರಲ್ಲಿ ಊರಿನ ರೈತರೊಬ್ಬರಿಂದ ನೋಂದಾಯಿತ ಕ್ರಯಪತ್ರದ ಮೂಲಕ ಕೊಂಡಿದ್ದರು. ಅವರಿಗೆ ಬರೆದುಕೊಟ್ಟ ಆ ರೈತರೇ ಪತ್ರದಲ್ಲಿ ಜಮೀನು ಪಿತ್ರಾರ್ಜಿತವೆಂದು ಹೇಳಿಕೊಂಡಿದ್ದರು. ಜೊತೆಗೆ ಕಾವೇರಿ ತಂತ್ರಾಂಶದಿಂದ ಪಡೆದ ಋಣಭಾರ ಪ್ರಮಾಣಪತ್ರವೂ, ಅಂದರೆ ಎಲ್ಲರೂ ಇಸಿ ಎನ್ನುವ ಪತ್ರವೂ ಇತ್ತು. ಅದರಲ್ಲಿ ಇದ್ದದ್ದು ಒಂದೇ ನಮೂದು, ಆ 2009ರ ಕ್ರಯ. ಬರೆದುಕೊಟ್ಟವರು, ಬರೆಸಿಕೊಂಡವರು, ದಸ್ತಾವೇಜಿನ ನಂಬರು, ವಿಸ್ತೀರ್ಣ ಎಲ್ಲವೂ ಮೂಲ ಪತ್ರದೊಂದಿಗೆ ಸರಿಹೊಂದುತ್ತಿದ್ದವು. ಸಾಲವಾಗಲಿ, ಅಡಮಾನವಾಗಲಿ ಇರಲಿಲ್ಲ. ‘ಇಸಿ ಕ್ಲಿಯರ್ ಇದೆಯಲ್ಲ, ಇನ್ನೇನು ನೋಡಬೇಕು ಭಾವ?’ ಎಂದು ನಮ್ಮ ಹುಡುಗನಿಗೆ ಆತುರ.

ಇಸಿ ಎಂಬುದು ನಾವು ಕೊಟ್ಟ ಸ್ವತ್ತಿನ ವಿವರಕ್ಕೆ, ನಾವು ಕೇಳಿದ ಅವಧಿಗೆ, ಆ ಕಚೇರಿಯ ಪುಸ್ತಕಗಳಲ್ಲಿ ನೋಂದಾಯಿತ ವ್ಯವಹಾರಗಳಿವೆಯೇ ಎಂದು ಹೇಳುವ ಪತ್ರ, ಅಷ್ಟೆ. ವ್ಯವಹಾರವಿದ್ದರೆ ನಮೂನೆ 15ರಲ್ಲಿ, ಇಲ್ಲದಿದ್ದರೆ ನಮೂನೆ 16ರಲ್ಲಿ ಕೊಡುತ್ತಾರೆ. ಮಾಲೀಕ ಯಾರೆಂದು ಅದು ಎಲ್ಲಿಯೂ ಹೇಳುವುದಿಲ್ಲ. ಬಾಯಿಮಾತಿನ ಪಾಲು, ತಂದೆ ತೀರಿಕೊಂಡ ಮೇಲೆ ಆದ ಪೌತಿ ಖಾತೆ, ನೋಂದಾಯಿಸದ ಉಯಿಲು, ಪತ್ರವನ್ನು ಬ್ಯಾಂಕಿನಲ್ಲಿಟ್ಟು ನೋಂದಣಿಯಿಲ್ಲದೆ ತೆಗೆದ ಸಾಲ, ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ, ಇವು ಅದರಲ್ಲಿ ಕಾಣಬೇಕೆಂದೇನೂ ಇಲ್ಲ. ಹಾಗಾಗಿ ನಾನು ಇಸಿಯಲ್ಲಿ ಇರುವ ನಮೂದುಗಳನ್ನು ಪತ್ರಗಳೊಂದಿಗೆ ಹೋಲಿಸಿದ ಮೇಲೆ, ಎರಡು ನಮೂದುಗಳ ನಡುವೆ, ಅಥವಾ ಮೊದಲನೆಯ ನಮೂದಿಗೂ ಹಿಂದೆ, ಹಕ್ಕು ಒಬ್ಬರಿಂದ ಇನ್ನೊಬ್ಬರಿಗೆ ಕಾಗದವಿಲ್ಲದೆ ಹೋದ ಜಾಗ ಯಾವುದೆಂದು ಹುಡುಕುತ್ತೇನೆ.

ಇಲ್ಲಿ ಆ ಜಾಗ 2009ಕ್ಕಿಂತ ಹಿಂದೆ ಇತ್ತು. ಆನ್‌ಲೈನಿನಲ್ಲಿ ಸಿಗುವ ಇಸಿ 2004ರ ಏಪ್ರಿಲ್‌ನಿಂದ ಈಚಿನದು. ಅದಕ್ಕೂ ಹಿಂದಿನದಕ್ಕೆ ಕಚೇರಿಯಲ್ಲಿ ಅರ್ಜಿ ಕೊಟ್ಟು, ಪುಸ್ತಕಗಳಿಂದ ಹುಡುಕಿಸಿ ಪಡೆಯಬೇಕು. ಅರ್ಜಿಯಲ್ಲಿ 84/2 ಎಂದು ಬರೆದಿದ್ದರೆ ಹಳೆಯ ಪುಸ್ತಕದಲ್ಲಿ ಏನೂ ಸಿಗುತ್ತಿರಲಿಲ್ಲ, ಏಕೆಂದರೆ ಆಗ ಆ ಹಿಸ್ಸಾ ನಂಬರೇ ಹುಟ್ಟಿರಲಿಲ್ಲ. ತಾಲ್ಲೂಕು ಕಚೇರಿಯಿಂದ ಕೈಬರಹದ ಹಳೆಯ ಪಹಣಿಗಳನ್ನು ತೆಗೆಸಿ ನೋಡಿದಾಗ, 84 ಎಂಬುದು ನಾಲ್ಕು ಎಕರೆ ಇಪ್ಪತ್ತು ಗುಂಟೆಯ ಒಂದೇ ನಂಬರಾಗಿತ್ತೆಂದು ತಿಳಿಯಿತು. ಆದ್ದರಿಂದ ಇಡೀ 84ಕ್ಕೆ ಹಳೆಯ ಅವಧಿಯ ಇಸಿ ಕೇಳಿದೆ. (ಗ್ರಾಮ ಈ ಹಿಂದೆ ಬೇರೆ ಉಪನೋಂದಣಿ ಕಚೇರಿಯ ವ್ಯಾಪ್ತಿಯಲ್ಲಿದ್ದರೆ ಅಲ್ಲಿಯೂ ಕೇಳಬೇಕಾಗುತ್ತದೆ, ಅನೇಕರು ಇದನ್ನು ಮರೆತು ‘ನಿಲ್’ ಇಸಿ ಹಿಡಿದು ಸಂತೋಷಪಡುತ್ತಾರೆ.) ಬಂದ ಇಸಿಯಲ್ಲಿ 1979ರ ಒಂದು ಕ್ರಯಪತ್ರವಿತ್ತು: ಆ ರೈತರ ತಂದೆ ಬೇರೊಬ್ಬರಿಂದ ಇಡೀ ನಂಬರನ್ನು ದುಡ್ಡು ಕೊಟ್ಟು ಕೊಂಡಿದ್ದರು. ಅದರ ದೃಢೀಕೃತ ನಕಲನ್ನೂ ತೆಗೆಸಿದೆ.

ಅಲ್ಲಿಗೆ ‘ಪಿತ್ರಾರ್ಜಿತ’ ಎಂಬ ಮಾತಿನ ಅರ್ಥ ಬದಲಾಯಿತು. ತಂದೆ ಸ್ವಂತ ಹಣದಿಂದ ಕೊಂಡದ್ದೆಂದೇ ಆ ಪತ್ರ ಹೇಳುತ್ತಿದ್ದುದರಿಂದ, ಮೇಲ್ನೋಟಕ್ಕೆ ಅದು ಅವರ ಸ್ವಯಾರ್ಜಿತ. ಅವರು ಉಯಿಲು ಬರೆಯದೆ ತೀರಿಕೊಂಡಿದ್ದರೆ, ಹಿಂದೂ ಉತ್ತರಾಧಿಕಾರ ಕಾಯಿದೆಯ 8ನೇ ಕಲಮಿನಂತೆ ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳಿಗೆಲ್ಲ ಸಮಪಾಲು. ಪಹಣಿಯ 10ನೇ ಕಾಲಂನಲ್ಲಿ, ಸ್ವಾಧೀನತೆ ಬಂದ ಬಗೆಯಲ್ಲಿ, ಒಂದು ಎಂ.ಆರ್. ನಂಬರಿತ್ತು. ಆ ಮ್ಯುಟೇಶನ್ ಕಡತವನ್ನು ತೆಗೆಸಿದಾಗ ಕಂಡದ್ದು ಇಷ್ಟು: ತಂದೆ 1998ರಲ್ಲಿ ತೀರಿಕೊಂಡ ಮೇಲೆ ಇಬ್ಬರು ಗಂಡುಮಕ್ಕಳ ಹೆಸರಿಗೆ ಪೌತಿ ಖಾತೆಯಾಗಿತ್ತು, ನಂತರ ಬಾಯಿ ಪಾಲಿನ ಮೇಲೆ ಅಣ್ಣನಿಗೆ 84/2, ತಮ್ಮನಿಗೆ 84/1 ಆಗಿ ತಲಾ ಎರಡು ಎಕರೆ ಹತ್ತು ಗುಂಟೆ ಬಿದ್ದಿತ್ತು. ಕಡತದಲ್ಲಿದ್ದ ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೇ ಇರಲಿಲ್ಲ. ನನಗೆ ಇದು ನಂಬಲರ್ಹವೆನಿಸಲಿಲ್ಲ. ಚೆಕ್ಕುಬಂದಿಯಲ್ಲಿ ಹೆಸರಿದ್ದ ಪಕ್ಕದ ಜಮೀನಿನವರನ್ನು ವಿಚಾರಿಸಿದಾಗ, ಇಬ್ಬರು ಹೆಣ್ಣುಮಕ್ಕಳಿದ್ದಾರೆಂದೂ, ತಾಯಿ 2003ರಲ್ಲಿ ತೀರಿಕೊಂಡರೆಂದೂ ಸಲೀಸಾಗಿ ಹೇಳಿದರು.

ಲೆಕ್ಕ ಹೀಗೆ. ಒಟ್ಟು 180 ಗುಂಟೆ. ತಂದೆ ತೀರಿದಾಗ ತಾಯಿ ಮತ್ತು ನಾಲ್ವರು ಮಕ್ಕಳಿಗೆ ತಲಾ 36 ಗುಂಟೆ. ತಾಯಿಯೂ ಉಯಿಲಿಲ್ಲದೆ ತೀರಿದ್ದರಿಂದ ಅವರ 36 ಗುಂಟೆ ನಾಲ್ವರಿಗೆ ತಲಾ 9ರಂತೆ ಹಂಚಿಹೋಗಿ, ಪ್ರತಿಯೊಬ್ಬರಿಗೂ 45 ಗುಂಟೆ. ಅಣ್ಣ 2009ರಲ್ಲಿ ಬರೆದುಕೊಟ್ಟದ್ದು 90 ಗುಂಟೆ. ತನಗಿದ್ದ ಹಕ್ಕಿಗಿಂತ ಹೆಚ್ಚಿನದನ್ನು ಅವರು ಮಾರಲು ಬರುವುದಿಲ್ಲ. ನಮ್ಮ ಮಾರಾಟಗಾರರು ನೋಂದಾಯಿತ ಪತ್ರ, ಖಾತೆ, ಪಹಣಿ ಮೂರನ್ನೂ ಇಟ್ಟುಕೊಂಡಿದ್ದರೂ, ನಿಸ್ಸಂಶಯವಾಗಿ ಅವರದೆನ್ನಬಹುದಾದದ್ದು ಅರ್ಧ ಮಾತ್ರ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ.

ಮಾರಾಟಗಾರರ ಉತ್ತರ ಸಿದ್ಧವಾಗಿತ್ತು. ‘ಹೆಣ್ಣುಮಕ್ಕಳಿಗೆ ಮದುವೆಯಾಗಿದ್ದು ತೊಂಬತ್ನಾಲ್ಕಕ್ಕಿಂತ ಮುಂಚೆ ಸ್ವಾಮಿ, ಅವರಿಗೆ ಪಾಲಿಲ್ಲ ಅಂತ ನಮ್ಮ ಲಾಯರೇ ಹೇಳಿದ್ದಾರೆ.’ 1994ರ ಜುಲೈ 30ರಿಂದ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿದ್ದು ನಿಜ. ಆದರೆ ಅದು ಅವಿಭಕ್ತ ಕುಟುಂಬದ ಆಸ್ತಿಯ ಮಾತು. ತಂದೆಯ ಸ್ವಯಾರ್ಜಿತದಲ್ಲಿ ಮಗಳ ಮದುವೆಯ ದಿನಾಂಕಕ್ಕೆ 1956ರಿಂದಲೂ ಬೆಲೆಯಿಲ್ಲ. ಜಮೀನು ತಮ್ಮ ಸ್ವಾಧೀನದಲ್ಲಿ ಹನ್ನೆರಡು ವರ್ಷ ಮೀರಿರುವುದರಿಂದ ಇನ್ನು ಯಾರೂ ಪಾಲು ಕೇಳಲಾಗದೆಂಬ ಇನ್ನೊಂದು ವಾದವನ್ನೂ ಹೂಡಿದರು. ಹಿಸ್ಸೇದಾರನೊಬ್ಬನ ಸ್ವಾಧೀನ ಸಾಮಾನ್ಯವಾಗಿ ಉಳಿದವರ ಪರವಾಗಿಯೂ ಇರುತ್ತದೆಂದು ನ್ಯಾಯಾಲಯಗಳು ಹೇಳುತ್ತ ಬಂದಿವೆ. ಹೊರಗಿನವರಾದ ಕೊಂಡವರ ವಿಷಯದಲ್ಲಿ ಬೇರೆ ತೀರ್ಪು ಬರಲೂಬಹುದು. ಹಾಗೆ ಗೆಲ್ಲಬಹುದಾದ ದಾವೆಗೆ ಪೂರ್ತಿ ಬೆಲೆ ಕೊಡುವುದು ನನ್ನ ಮಟ್ಟಿಗೆ ಒಪ್ಪತಕ್ಕದ್ದಲ್ಲ.

ಸಹೋದರಿಯರನ್ನು ಒಪ್ಪಿಗೆ ಸಾಕ್ಷಿಗಳಾಗಿ ರುಜು ಹಾಕಿಸಿದರೆ ಸಾಕೆಂದು ಮಧ್ಯವರ್ತಿ ಸೂಚಿಸಿದ. ಸಾಕ್ಷಿಯ ರುಜುವಿನಿಂದ ಅವರ ಪಾಲು ವರ್ಗವಾಗುತ್ತದೆಯೇ ಎಂಬುದು ಮುಂದೆ ಚರ್ಚೆಗೆ ಬರುವ ವಿಷಯವಾದ್ದರಿಂದ, ಇಬ್ಬರನ್ನೂ ಬರೆದುಕೊಡುವವರನ್ನಾಗಿಯೇ ಸೇರಿಸಿ, ಕ್ರಯದ ಹಣದಲ್ಲಿ ಅವರಿಗೆ ಸಂದ ಭಾಗವನ್ನು ಪತ್ರದಲ್ಲಿ ಬೇರೆಯಾಗಿ ನಮೂದಿಸಬೇಕೆಂದು ಪಟ್ಟುಹಿಡಿದೆ. ಮಾರಾಟಗಾರರು ಅವರಿಗೆ ಕೊಡಬೇಕಾದದ್ದನ್ನು ತಮ್ಮ ಹಣದಿಂದಲೇ ಕಳೆದುಕೊಳ್ಳಲು ಗೊಣಗುತ್ತಲೇ ಒಪ್ಪಿದರು. ಹೊಸ ಪತ್ರದಲ್ಲಿ 1979ರ ಕ್ರಯ, ತಂದೆತಾಯಿಯರ ಮರಣ, ನಾಲ್ವರು ಮಕ್ಕಳ ಹೆಸರು, 2009ರ ಕ್ರಯ ಇವನ್ನೆಲ್ಲ ಅನುಕ್ರಮವಾಗಿ ಬರೆದೆ. ನೋಂದಣಿಯ ಹಿಂದಿನ ದಿನದವರೆಗಿನ ಇಸಿಯನ್ನು ಮತ್ತೊಮ್ಮೆ ತೆಗೆಸಿ, ನಡುವೆ ಹೊಸ ನಮೂದು ಸೇರಿಲ್ಲವೆಂದು ನೋಡಿಕೊಂಡ ಮೇಲೆಯೇ ಡಿ.ಡಿ. ಕೊಡಲು ಹುಡುಗನಿಗೆ ಹೇಳಿದೆ.