ಮೂರು ಸಾಲಿನ ಮೇಲ್: ನಾನು ಬೈಸಿಕೊಂಡು ಕಲಿತದ್ದು

"ಏನಮ್ಮ ಇದು, ಮೇಲಾ ತಂತಿನಾ?" ಅಂತ ನಮ್ಮ ಕಂಪನಿ ಯಜಮಾನರು ನನ್ನ ಮೂರು ಸಾಲಿನ ಮೇಲ್ ನೋಡಿ ಕೇಳಿದ್ದರು. ಅವರ ಪ್ರಕಾರ ಗಿರಾಕಿಗೆ ಬರೆಯೋ ಮೇಲ್ ಅಂದ್ರೆ ಕ್ಷೇಮ ವಿಚಾರಿಸಬೇಕು, ಹಿಂದಿನದ್ದೆಲ್ಲ ನೆನಪಿಸಬೇಕು, ಕೊನೆಗೆ ಬಾಕಿ ಬಿಲ್ ಬಗ್ಗೆ ಒಂದು ಮಾತು ಇರಬೇಕು. ಈಗ ಅವರೇ ನನ್ನ ಮೇಲ್ ಕಾಪಿ ಮಾಡಿಕೊಂಡು ದಿನಾಂಕ ಬದಲಿಸಿ ಕಳಿಸುತ್ತಾರೆ. ಅದಕ್ಕೇ ಬರೆಯೋ ಧೈರ್ಯ ಬಂತು.

ನಾನು ಪೀಣ್ಯದಲ್ಲಿ ಏರ್ ಕಂಪ್ರೆಸರ್ ಸರ್ವಿಸ್ ಮಾಡೋ ಕಡೆ ಕೋಆರ್ಡಿನೇಟರ್. ದಾಬಸ್‌ಪೇಟೆ, ವಸಂತನರಸಾಪುರ, ಬಿಡದಿ, ಹೊಸೂರು ಕಡೆಯ ಫ್ಯಾಕ್ಟರಿಗಳಿಗೆ ಇಂಜಿನಿಯರ್ ಕಳಿಸೋ ದಿನ ಗೊತ್ತು ಮಾಡೋದು ನನ್ನ ಕೆಲಸ. ಇದೇ ಕೆಲಸದಲ್ಲಿ ಇರೋರಿಗೆ ಇದರ ಕಷ್ಟ ಗೊತ್ತು. ಸರ್ವಿಸ್ ಮಾಡೋಕೆ ಕಂಪ್ರೆಸರ್ ನಿಲ್ಲಿಸಬೇಕು, ನಿಲ್ಲಿಸಿದರೆ ಪ್ರೊಡಕ್ಷನ್ ಲೈನಿಗೆ ಗಾಳಿ ಇಲ್ಲ. ಹಾಗಾಗಿ ಮೇಂಟೆನೆನ್ಸ್ ಮ್ಯಾನೇಜರ್ ತಾನೇ ದಿನ ಕೊಡೋಕೆ ಆಗಲ್ಲ, ಪ್ರೊಡಕ್ಷನ್ ಅವರನ್ನ ಕೇಳಬೇಕು.

ಮೊದಲು ನಾನು ಕಳಿಸುತ್ತಿದ್ದ ಮೇಲ್ ನೋಡಿ. ಮೇಲ್ ಹೋಗೋದು ಇಂಗ್ಲಿಷಿನಲ್ಲೇ, ಇಲ್ಲಿ ಕನ್ನಡಕ್ಕೆ ತಂದು ಹಾಕಿದ್ದೇನೆ.

"ಮಾನ್ಯರೇ, ತಾವು ಕ್ಷೇಮವೆಂದು ಭಾವಿಸುತ್ತೇವೆ. ಕಳೆದ ಸಲ ನಮ್ಮ ಇಂಜಿನಿಯರ್ ಬಂದಾಗ ತಮ್ಮ 2ನೇ ಕಂಪ್ರೆಸರ್ 3,600 ಗಂಟೆ ಓಡಿತ್ತು. ಈಗ 3,900 ದಾಟಿರಬಹುದು, ದಯವಿಟ್ಟು ರೀಡಿಂಗ್ ಕಳಿಸಿ. 4,000ಕ್ಕೆ ಆಯಿಲ್ ಮತ್ತು ಸೆಪರೇಟರ್ ಬದಲಿಸಬೇಕಾಗಿರುವುದರಿಂದ ಬರುವ ವಾರ ಅಥವಾ ಹಬ್ಬ ಮುಗಿದ ಮೇಲೆ ತಮಗೆ ಅನುಕೂಲವಾದ ದಿನ ತಿಳಿಸಿದರೆ ಒಳ್ಳೆಯದು. ಭಾನುವಾರವಾದರೂ ಸರಿ. ಆದರೆ 6ರಿಂದ 9ರವರೆಗೆ ನಮ್ಮ ಇಂಜಿನಿಯರ್ ಹೊಸೂರಿನಲ್ಲಿರುತ್ತಾರೆ. ಗೇಟ್ ಪಾಸಿಗೆ ಯಾವ ದಾಖಲೆ ಬೇಕು ತಿಳಿಸಿ. ಹಾಗೆಯೇ ಜುಲೈ ತಿಂಗಳ ಬಿಲ್ ಬಾಕಿಯಿದ್ದು ಅದನ್ನೂ ಗಮನಿಸಬೇಕಾಗಿ ವಿನಂತಿ. ಸಾಮಾನು ನಮ್ಮಲ್ಲಿ ಸಿದ್ಧವಿದೆ..."

ಇನ್ನೂ ನಾಲ್ಕು ಸಾಲಿತ್ತು, ಬಿಟ್ಟಿದ್ದೇನೆ. ಇದಕ್ಕೆ ಏನಾಯಿತು ಗೊತ್ತಾ? ಸ್ಟೋರ್ಸ್‌ನಿಂದ ರೀಡಿಂಗ್ ಬಂತು. ಅಕೌಂಟ್ಸ್‌ನಿಂದ "ಜುಲೈ ಬಿಲ್ ನಮಗೆ ತಲುಪಿಲ್ಲ" ಅಂತ ಬಂತು. ಆಮೇಲೆ ಬಿಲ್ ಬಗ್ಗೆಯೇ ಆರು ಮೇಲ್ ಓಡಾಡಿದವು. ದಿನ ಮಾತ್ರ ಯಾರೂ ಹೇಳಲಿಲ್ಲ. ಮೀಟರ್ 4,300 ದಾಟಿತು.

ಒಂದು ದಿನ ಕೂತು ಪೆನ್ ಹಿಡಿದು ಆ ಮೇಲಿನಲ್ಲಿ ನಾನು ಎಷ್ಟು ಕೇಳಿದ್ದೇನೆ ಅಂತ ಗೆರೆ ಎಳೆದೆ. ರೀಡಿಂಗ್, ದಿನ, ಗೇಟ್ ಪಾಸ್, ಬಿಲ್. ನಾಲ್ಕು. ನನಗೆ ಬೇಕಾಗಿದ್ದು ಒಂದೇ, ಅದೂ "ತಿಳಿಸಿದರೆ ಒಳ್ಳೆಯದು" ಅಂತ ಮಧ್ಯದಲ್ಲಿ ಹೂತುಹೋಗಿತ್ತು. ಉಳಿದ ಮೂರೂ ಸುಲಭದ ಕೆಲಸ. ಓದಿದವರು ಸುಲಭದ್ದನ್ನ ಮುಗಿಸಿ ಮೇಲ್ ಮುಚ್ಚಿಬಿಟ್ಟರು. ಅವರ ತಪ್ಪೇನೂ ಇಲ್ಲ.

ಸರಿ, ಚಿಕ್ಕದು ಮಾಡೋಣ ಅಂತ ಹೊರಟೆ. ಮೊದಲು ಅತಿಯಾಗಿ ಕತ್ತರಿಸಿದೆ: "2ನೇ ಕಂಪ್ರೆಸರ್ ಸರ್ವಿಸ್ ಬಾಕಿ ಇದೆ. ಯಾವಾಗ ಬರಲಿ?" ಚಿಕ್ಕದೇನೋ ಹೌದು. ಆದರೆ ಯೋಚನೆ ಮಾಡೋ ಕೆಲಸವನ್ನ ಪೂರ್ತಿ ಅವರ ತಲೆಗೆ ಹಾಕಿದ ಹಾಗಾಯಿತು. "ನೋಡಿ ಹೇಳ್ತೀನಿ" ಅಂತ ಬಂತು. ಅವರು ನೋಡಲೂ ಇಲ್ಲ, ಹೇಳಲೂ ಇಲ್ಲ.

ಆಮೇಲೆ ಮೂರು ದಿನಾಂಕ ಕೊಟ್ಟು ಆರಿಸಿಕೊಳ್ಳಿ ಅಂದೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಮ್ಯಾನೇಜರ್ 11 ಅಂದರು, ಪ್ರೊಡಕ್ಷನ್ ಅವರು 12 ಅಂದರು, ಇನ್ನೊಬ್ಬರು "ಯಾವುದಾದರೂ ಸರಿ". ಅಷ್ಟರಲ್ಲಿ ಆ ಮೂರೂ ದಿನ ನಾನು ಬೇರೆ ಯಾರಿಗೂ ಕೊಡದೆ ಹಿಡಿದಿಟ್ಟುಕೊಂಡು ಕೂತಿದ್ದೆ. ಇಬ್ಬರು ಇಂಜಿನಿಯರ್‌ಗಳು ಎರಡು ದಿನ ಆಫೀಸಿನಲ್ಲಿ ಟೀ ಕುಡಿದರು.

ದುಡ್ಡು ಹೋಗಿದ್ದು ಮೂರನೇ ಪ್ರಯತ್ನದಲ್ಲಿ. "ಬುಧವಾರದೊಳಗೆ ಉತ್ತರ ಬರದಿದ್ದರೆ ಒಪ್ಪಿಗೆ ಅಂದುಕೊಂಡು ಭಾನುವಾರ ಬರುತ್ತೇವೆ" ಅಂತ ಬರೆದೆ. ಬಹಳ ಜಾಣತನ ಮಾಡಿದೆ ಅಂದುಕೊಂಡಿದ್ದೆ. ಉತ್ತರ ಬರಲಿಲ್ಲ, ಇಂಜಿನಿಯರ್‌ಗಳನ್ನ ಕಳಿಸಿದೆ. ವಸಂತನರಸಾಪುರದ ಆ ಗೇಟಿನಲ್ಲಿ ಸೆಕ್ಯೂರಿಟಿಯವರು ಒಳಗೇ ಬಿಡಲಿಲ್ಲ. ಭಾನುವಾರ ಫೋನ್ ಎತ್ತೋರೂ ಇಲ್ಲ. ಗಾಡಿಗೆ ಟೋಲ್ ಸೇರಿ 3,000ದ ಹತ್ತಿರ, ಇಬ್ಬರಿಗೆ ಭಾನುವಾರದ ಡಬಲ್ ಕೂಲಿ, ಊಟ. ಒಟ್ಟು ಏಳೆಂಟು ಸಾವಿರ ನೀರಿಗೆ ಹಾಕಿದ ಹಾಗೆ. ಅಂಥದ್ದು ಮೂರು ತಿಂಗಳಲ್ಲಿ ನಾಲ್ಕು ಸಲ ಆಯಿತು. ಯಜಮಾನರು ಬೈದದ್ದು ಲೆಕ್ಕಕ್ಕೆ ಸೇರಿಸಿಲ್ಲ.

ಬೇರೆಯವರ ಮಷೀನ್ ನಿಲ್ಲಿಸೋ ವಿಷಯದಲ್ಲಿ ಸುಮ್ಮನಿದ್ದರೆ ಒಪ್ಪಿಗೆ ಅಂತ ಅರ್ಥ ಅಲ್ಲ. ಉತ್ತರ ಬರದಿದ್ದಾಗ ಏನು ಮಾಡುತ್ತೇನೆ ಅಂತ ಬರೆಯಬಹುದು, ಆದರೆ ಅದು ನನ್ನ ಕೈಯಲ್ಲೇ ಇರೋ ಕೆಲಸ ಆಗಿರಬೇಕು. ನನ್ನ ಇಂಜಿನಿಯರ್ ದಿನ ನನ್ನ ಕೈಯಲ್ಲಿದೆ. ಅದನ್ನ ಬೇರೆಯವರಿಗೆ ಕೊಡಬಹುದು. ಅಷ್ಟೇ ತಿರುಗಿಸಿದೆ, ಮೇಲ್ ಕೆಲಸ ಮಾಡೋಕೆ ಶುರುವಾಯಿತು.

ಈಗ ಹೋಗೋದು ಹೀಗೆ. ಸಬ್ಜೆಕ್ಟ್‌ನಲ್ಲಿ: "12 ಅಕ್ಟೋಬರ್ ಭಾನುವಾರ: 2ನೇ ಕಂಪ್ರೆಸರ್ ನಿಲ್ಲಿಸಲು ಒಪ್ಪಿಗೆ ಬೇಕು". ಒಳಗೆ:

"12 ಅಕ್ಟೋಬರ್, ಭಾನುವಾರ, ಬೆಳಿಗ್ಗೆ 8ರಿಂದ ಮಧ್ಯಾಹ್ನ 1ರವರೆಗೆ 2ನೇ ಕಂಪ್ರೆಸರ್ ನಿಲ್ಲಿಸಬೇಕು, 1ನೇದು ಓಡುತ್ತಿರಲಿ.
ಮೀಟರ್ 4,000 ಗಂಟೆ ಹತ್ತಿರ ಬಂದಿದೆ. ಆಯಿಲ್, ಸೆಪರೇಟರ್ ಬದಲಿಸುತ್ತೇವೆ, ಸಾಮಾನು ನಾವೇ ತರುತ್ತೇವೆ.
8ನೇ ತಾರೀಖು ಬುಧವಾರ ಸಂಜೆ 4ರೊಳಗೆ 'ಸರಿ' ಅಥವಾ 'ಬೇಡ' ಅಂತ ತಿಳಿಸಿ. ತಿಳಿಸದಿದ್ದರೆ ಆ ದಿನ ಬೇರೆಯವರಿಗೆ ಹೋಗುತ್ತದೆ."

ಮೇಲೆ ಹೆಸರು, ಕೆಳಗೆ ನನ್ನ ಹೆಸರು, ನಂಬರ್. ಅವನ್ನ ಸಾಲಿನ ಲೆಕ್ಕಕ್ಕೆ ಹಿಡಿಯಬೇಡಿ, ಅಷ್ಟು ಮೋಸ ಇದೆ.

ಇದರಲ್ಲಿ "1ನೇದು ಓಡುತ್ತಿರಲಿ" ಅನ್ನೋ ಮಾತು ನೋಡಿ. ಅದು ಮ್ಯಾನೇಜರ್‌ಗೆ ಬೇಕಾಗಿಲ್ಲ, ಅವರಿಗೆ ಗೊತ್ತು. ಅದು ಪ್ರೊಡಕ್ಷನ್ ಅವರಿಗೆ. ಮ್ಯಾನೇಜರ್ ಈ ಮೇಲನ್ನ ಒಂದಕ್ಷರ ಸೇರಿಸದೆ ಹಾಗೇ ಅವರಿಗೆ ದಾಟಿಸುತ್ತಾರೆ. ಅಲ್ಲಿ ಮೊದಲು ಬರೋ ಪ್ರಶ್ನೆ "ಗಾಳಿ ಪೂರ್ತಿ ಹೋಗುತ್ತಾ?" ಅಂತ. ಉತ್ತರ ಮೊದಲ ಸಾಲಿನಲ್ಲೇ ಇದೆ. ನನ್ನ ಹಳೆ ಮೇಲನ್ನ ದಾಟಿಸಬೇಕಾದರೆ ಅವರು ಅದನ್ನ ಓದಿ, ಅರ್ಥ ಮಾಡಿಕೊಂಡು, ಹೊಸದಾಗಿ ಬರೆಯಬೇಕಿತ್ತು. ಆ ಸೋಮಾರಿತನದಲ್ಲೇ ನನ್ನ ಮೇಲ್ ಸಾಯುತ್ತಿತ್ತು. ಒಂದೇ ಕಂಪ್ರೆಸರ್ ಇರೋ ಫ್ಯಾಕ್ಟರಿಗೆ ಮಾತ್ರ ಈ ದಾರಿ ಹಿಡಿಯಬೇಡಿ. ಅಲ್ಲಿ ಬಾಡಿಗೆ ಮಷೀನ್ ಮಾತು ಬರುತ್ತದೆ, ಮೊದಲು ಫೋನ್, ಆಮೇಲೆ ಮೇಲ್.

ವಾರ, ತಾರೀಖು ಎರಡೂ ಹಾಕೋದು ನನ್ನ ಹಟ. "ಬರೋ ಭಾನುವಾರ" ಅಂತ ಗುರುವಾರ ಬರೆದರೆ ಅದು ನಾಡಿದ್ದಿಂದ ಆಚೆಯದ್ದಾ, ಅದರ ಮುಂದಿನದ್ದಾ? ಒಬ್ಬೊಬ್ಬರು ಒಂದೊಂದು ತಿಳಿಯುತ್ತಾರೆ. ಎರಡೂ ಬರೆದರೆ ಇನ್ನೊಂದು ಲಾಭ ಇದೆ. ನಾನು ತಪ್ಪು ಹಾಕಿದ್ದರೆ ಎರಡೂ ತಾಳೆಯಾಗಲ್ಲ, ಯಾರಾದರೂ ಹಿಡಿಯುತ್ತಾರೆ. ಒಂದು ಸಲ ಹಿಡಿದಿದ್ದಾರೆ ಕೂಡ.

ಉಳಿದ ಸರಕು ಎಲ್ಲಿ ಹೋಯಿತು ಅಂತ ಕೇಳಬಹುದು. ರೀಡಿಂಗ್ ಬೇಕಾಗಿಯೇ ಇರಲಿಲ್ಲ. ಹಿಂದಿನ ರಿಪೋರ್ಟಿನ ಅಂಕಿಗೆ ದಿನಕ್ಕೆ ಇಷ್ಟು ಗಂಟೆ ಅಂತ ಸೇರಿಸಿದರೆ ಸಿಗುತ್ತದೆ, ಸರಿಯಾದ ಅಂಕಿ ಇಂಜಿನಿಯರ್ ಹೋಗಿ ನೋಡುತ್ತಾನೆ. ಗೇಟ್ ಪಾಸ್ ಮಾತು "ಸರಿ" ಬಂದ ಮೇಲೆ ಎರಡನೇ ಮೇಲಿನಲ್ಲಿ. ಆಗ ಆಧಾರ್, ಇಎಸ್‌ಐ ನಂಬರ್, ಟೂಲ್ ಪಟ್ಟಿ ಎಲ್ಲ ಒಟ್ಟಿಗೆ ಲಗತ್ತಿಸುತ್ತೇನೆ. ಬಿಲ್ ಅಂತೂ ಈ ಮೇಲಿಗೆ ಸೇರಿಸಲೇಬಾರದು. ಅದು ಎರಡು ದಿನ ಬಿಟ್ಟು, ಅಕೌಂಟ್ಸ್‌ಗೆ ಮಾತ್ರ, ಬೇರೆ ಸಬ್ಜೆಕ್ಟ್‌ನಲ್ಲಿ. ಯಜಮಾನರಿಗೆ ಜಾಸ್ತಿ ಕೋಪ ಬಂದದ್ದು ಇದಕ್ಕೇ. ಆದರೆ ಬಿಲ್ ಮೇಲ್ ಒಂಟಿಯಾಗಿ ಹೋದ ಮೇಲೆ ದುಡ್ಡು ಮೊದಲಿಗಿಂತ ವಾರ ಹತ್ತು ದಿನ ಬೇಗ ಬರೋಕೆ ಶುರುವಾಯಿತು. ಆಮೇಲೆ ಮಾತಿಲ್ಲ.

ಇನ್ನೊಂದು ಕೆಲಸ: ಕಳಿಸೋ ಮುಂಚೆ ನನಗೇ ಕಳಿಸಿಕೊಂಡು ಫೋನಿನಲ್ಲಿ ನೋಡುತ್ತೇನೆ. ಕಂಪ್ಯೂಟರಿನಲ್ಲಿ ಮೂರು ಸಾಲು ಇದ್ದದ್ದು ಫೋನಿನಲ್ಲಿ ಏಳೆಂಟು ಆಗುತ್ತದೆ. ಬೆರಳಿನಿಂದ ತಳ್ಳದೆ ಮೂರನೇ ಸಾಲು ಕಾಣಿಸಬೇಕು. ಕಾಣದಿದ್ದರೆ ಎರಡನೇ ಸಾಲು ಕತ್ತರಿಸುತ್ತೇನೆ, ಒಂದನೇದು, ಮೂರನೇದನ್ನ ಮುಟ್ಟಲ್ಲ. ಶಾಪ್ ಫ್ಲೋರಿನಲ್ಲಿ ನಿಂತವರು ಲ್ಯಾಪ್‌ಟಾಪ್ ತೆಗೆದು ಮೇಲ್ ಓದಲ್ಲ.

ಸುಮ್ನೆ ಇರಲಾರದೆ ಕೆಲವು ಪ್ರಯೋಗ ಮಾಡಿದೆ. ಸಂಜೆ 5ಕ್ಕೆ ಕಳಿಸಿದ್ದಕ್ಕಿಂತ ಬೆಳಿಗ್ಗೆ 10ರಿಂದ 11ರೊಳಗೆ, ಅಂದರೆ ಅವರ ಮಾರ್ನಿಂಗ್ ಮೀಟಿಂಗ್ ಮುಗಿದ ಮೇಲೆ ಕಳಿಸಿದ್ದಕ್ಕೆ ಉತ್ತರ ಬೇಗ. ಅದೇ ಮೂರು ಸಾಲನ್ನ ತುಮಕೂರು ಕಡೆಯ ಒಬ್ಬ ಸೂಪರ್‌ವೈಸರ್‌ಗೆ ವಾಟ್ಸಾಪ್‌ನಲ್ಲಿ ಕನ್ನಡದಲ್ಲೇ ಹಾಕಿದೆ. ಹತ್ತು ನಿಮಿಷಕ್ಕೆ "ಆಯ್ತು ಮೇಡಂ, ಬನ್ನಿ" ಬಂತು. ಖುಷಿಯಾಗಿ ಎಲ್ಲರಿಗೂ ವಾಟ್ಸಾಪ್ ಶುರು ಮಾಡಿದೆ. ಒಂದು ಕಡೆ ಗೇಟಿನಲ್ಲಿ "ಮೇಲ್ ತೋರಿಸಿ" ಅಂದರು, ಇಂಜಿನಿಯರ್ ಒಂದೂವರೆ ಗಂಟೆ ಬಿಸಿಲಲ್ಲಿ ನಿಂತ. ಈಗ ವಾಟ್ಸಾಪ್ ನೆನಪಿಸೋಕೆ ಮಾತ್ರ, ಒಪ್ಪಿಗೆ ಮೇಲಿನಲ್ಲೇ.

ಮೊದಲು ಹತ್ತು ಮೇಲ್ ಕಳಿಸಿದರೆ ಗಡುವಿನೊಳಗೆ ಮೂರೋ ನಾಲ್ಕೋ ಉತ್ತರ ಬರುತ್ತಿದ್ದವು. ಈಗ ಏಳೆಂಟು, ಹೆಚ್ಚಿನವು ಮಾರನೇ ದಿನವೇ. "ಬೇಡ" ಅಂತ ಬಂದರೂ ನನಗೆ ಲಾಭವೇ, ಆ ದಿನ ಬೇರೆ ಕಡೆ ಹಾಕಬಹುದು. ಕಳೆದ ಆರು ತಿಂಗಳಲ್ಲಿ ಗೇಟಿನಿಂದ ವಾಪಸ್ ಬಂದದ್ದು ಒಂದೇ ಸಲ, ಅದೂ ಅವರ ಕಡೆ ಸ್ಟ್ರೈಕ್ ಇತ್ತು. ಮೊದಲ ಸಲಕ್ಕೇ ಸರಿಯಾದ ಭಾನುವಾರ ಹೇಗೆ ಹುಡುಕುತ್ತೇನೆ ಅಂತ ನಮ್ಮ ಇಂಜಿನಿಯರ್‌ಗಳು ಕೇಳುತ್ತಲೇ ಇದ್ದಾರೆ. ಅದಕ್ಕೆ ಬೇರೆ ದಾರಿ ಇದೆ, ಅದನ್ನ ಇಲ್ಲಿ ಬಿಟ್ಟುಕೊಡಲ್ಲ. ಸೆಕ್ಯೂರಿಟಿಯವರನ್ನ ಚೆನ್ನಾಗಿ ಮಾತಾಡಿಸಿ ಅಂತ ಮಾತ್ರ ಹೇಳಬಲ್ಲೆ.

ಬಿಡದಿ ಕಡೆ ಒಬ್ಬರು ಮ್ಯಾನೇಜರ್ ಇದ್ದಾರೆ, ಅವರಿಗೆ ಮೂರು ಸಾಲಲ್ಲ, ಮೂರು ಅಕ್ಷರ ಕಳಿಸಿದರೂ ಉತ್ತರ ಬರಲ್ಲ. ಅವರಿಗೆ ಈಗಲೂ ಫೋನೇ. ಮೊದಲು ಮಗಳ ಓದಿನ ಬಗ್ಗೆ ಹತ್ತು ನಿಮಿಷ, ಆಮೇಲೆ ಕಂಪ್ರೆಸರ್. ಮಾತು ಮುಗಿದ ಕೂಡಲೇ "ಈಗ ಮಾತಾಡಿದ ಹಾಗೆ" ಅಂತ ಅದೇ ಮೂರು ಸಾಲು ಮೇಲ್ ಮಾಡುತ್ತೇನೆ. ಗೇಟಿನಲ್ಲಿ ತೋರಿಸೋಕೆ ಬೇಕಲ್ಲ.