ಕಾಣದ ಥೈರಾಯ್ಡ್ ಮತ್ತು ಮಗುವಿನ ಜೊಲ್ಲು: ನನ್ನ ಅನುಭವ

ಮಡಿಕೇರಿಯಲ್ಲಿ ಮಕ್ಕಳ ವೈದ್ಯನಾಗಿರುವ ನಾನು, ‘ಥೈರಾಯ್ಡ್ ಗ್ರಂಥಿಯೇ ಇಲ್ಲ’ ಎಂಬ ಒಂದು ವರದಿಯನ್ನು ಒಪ್ಪದೆ ಮೂರು ವರ್ಷ ಹಟ ಹಿಡಿದು ಕುಳಿತೆ. ನನಗಿಂತ ಹಿರಿಯರಾದ ಇಬ್ಬರು ‘ಔಷಧಿ ಹೇಗೂ ಒಂದೇ, ಕಾರಣ ಯಾವುದಾದರೇನು’ ಎಂದಿದ್ದರು. ಕೊನೆಗೆ ಉತ್ತರ ಸಿಕ್ಕಿದ್ದು ಮಗುವಿನ ಒಂದು ಮಿಲಿಲೀಟರ್ ಜೊಲ್ಲಿನಲ್ಲಿ. ಅಂಕಿಗಳನ್ನು ನೆನಪಿನಿಂದ ಬರೆಯುತ್ತಿರುವುದರಿಂದ ಅಲ್ಪಸ್ವಲ್ಪ ಹೆಚ್ಚುಕಡಿಮೆ ಇರಬಹುದು.

ಮಗು ಸೋಮವಾರಪೇಟೆ ಕಡೆಯ ಕಾಫಿ ತೋಟದ ಲೈನ್‌ಮನೆಯದು. ತಂದೆ ತನ್ನ ಅಕ್ಕನ ಮಗಳನ್ನೇ ಮದುವೆಯಾಗಿದ್ದ. ಹುಟ್ಟುವಾಗ 2.9 ಕಿಲೋ ತೂಗುತ್ತಿದ್ದ ಹೆಣ್ಣುಮಗುವಿಗೆ ಕಾಮಾಲೆ ಇಳಿಯಲಿಲ್ಲ, ಅಳುವ ದನಿ ಗೊಗ್ಗರಾಗಿತ್ತು. ಥೈರಾಯ್ಡನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನಾದ ಟಿಎಸ್‌ಎಚ್ ಹಿಮ್ಮಡಿಯ ರಕ್ತದಲ್ಲಿ ನೂರನ್ನು ದಾಟಿತ್ತು. ಒಂಬತ್ತನೆಯ ದಿನ ರಕ್ತನಾಳದಿಂದ ತೆಗೆದ ಮಾದರಿಯಲ್ಲಿ ಅದು 150ಕ್ಕೂ ಮೇಲಿತ್ತು, ಥೈರಾಯ್ಡ್ ತಯಾರಿಸುವ ಹಾರ್ಮೋನಾದ ಫ್ರೀ ಟಿ4 ಕೇವಲ 0.3ರಷ್ಟಿತ್ತು. ಅಂದೇ 25 ಮೈಕ್ರೋಗ್ರಾಂನ ಒಂದೂವರೆ ಥೈರಾಕ್ಸಿನ್ ಮಾತ್ರೆಯನ್ನು ಪುಡಿ ಮಾಡಿ, ಚಮಚದಲ್ಲಿ ತಾಯಿಯ ಹಾಲಿಗೆ ಕಲಸಿ ಕುಡಿಸಿದೆವು. ಸ್ಕ್ಯಾನ್‌ಗಾಗಿ ಮಾತ್ರೆಯನ್ನು ತಡೆಹಿಡಿಯುವುದು ತಪ್ಪು. ಟಿಎಸ್‌ಎಚ್ ಇಳಿಯುವುದಕ್ಕೆ ಮುಂಚೆ, ಅಂದರೆ ಮೊದಲ ಕೆಲವೇ ದಿನಗಳಲ್ಲಿ, ಸ್ಕ್ಯಾನ್ ಆದರೆ ಸಾಕು. ಆದರೆ ಥೈರಾಯ್ಡ್ ಮಾತ್ರ ತಯಾರಿಸುವ ಪ್ರೋಟೀನಾದ ಥೈರೋಗ್ಲಾಬ್ಯುಲಿನ್‌ನ ಪರೀಕ್ಷೆಗೆ ರಕ್ತವನ್ನು ಮೊದಲ ಮಾತ್ರೆಗಿಂತ ಮುಂಚೆಯೇ ತೆಗೆದಿಟ್ಟಿದ್ದೆ. ಈ ಕಥೆಯಲ್ಲಿ ನಾನು ಮಾಡಿದ ಅತ್ಯಂತ ಜಾಣತನದ ಕೆಲಸ ಅದೇ.

ಎರಡು ದಿನಗಳ ನಂತರ, ಜುಲೈ ಮಳೆಯಲ್ಲಿ, ಸಂಪಾಜೆ ಘಾಟಿ ಇಳಿದು ಕರಾವಳಿಯ ಒಂದು ಆಸ್ಪತ್ರೆಯಲ್ಲಿ, ಥೈರಾಯ್ಡ್ ಅಯೋಡೈಡಿನಂತೆಯೇ ಹಿಡಿಯುವ ವಿಕಿರಣಶೀಲ ವಸ್ತುವಾದ ಟೆಕ್ನೀಷಿಯಂನ ಸ್ಕ್ಯಾನ್ ಮಾಡಿಸಿದರು. ಬಾಡಿಗೆ ಕಾರು ಮತ್ತು ಸ್ಕ್ಯಾನ್ ಸೇರಿ ಏಳು ಸಾವಿರ ರೂಪಾಯಿ ಖರ್ಚಾಯಿತು. ತಂದೆ ಅದನ್ನು ತೋಟದಲ್ಲಿ ಮುಂಗಡ ಪಡೆದಿದ್ದ. ಕುತ್ತಿಗೆಯಲ್ಲಿ ಏನೂ ಕಾಣಲಿಲ್ಲವಾದ್ದರಿಂದ ಗ್ರಂಥಿ ಇಲ್ಲವೆಂದು ವರದಿ ಬಂತು. ಆದರೆ ವಾರದ ಬಳಿಕ ಬಂದ ಥೈರೋಗ್ಲಾಬ್ಯುಲಿನ್ 400ರ ಮೇಲಿತ್ತು. ಗ್ರಂಥಿಯೇ ಇಲ್ಲದ ಮಗುವಿನಲ್ಲಿ ಅದು ಹೆಚ್ಚುಕಡಿಮೆ ಶೂನ್ಯವಿರಬೇಕು. ಅಲ್ಟ್ರಾಸೌಂಡ್ ಪ್ರೋಬನ್ನು ನಾನೇ ಹಿಡಿದು ನೋಡಿದಾಗ ಎರಡೂ ಹಾಲೆಗಳು ಸ್ವಸ್ಥಾನದಲ್ಲಿ, ತುಸು ದಪ್ಪವಾಗಿಯೇ ಇದ್ದವು.

ಗ್ರಂಥಿ ಇದ್ದೂ ಟೆಕ್ನೀಷಿಯಂ ಹಿಡಿಯದಿರಲು ಇರುವ ಕಾರಣಗಳು ನಾಲ್ಕಾರು ಮಾತ್ರ. ತಾಯಿಯಿಂದ ದಾಟಿಬಂದ, ಟಿಎಸ್‌ಎಚ್ ಗ್ರಾಹಕವನ್ನು ತಡೆಯುವ ಪ್ರತಿಕಾಯವಿರಲಿಲ್ಲ. ಹೊಕ್ಕುಳಿಗೆ ಪೊವಿಡೋನ್ ಅಯೋಡಿನ್ ಹಚ್ಚಿರಲಿಲ್ಲ, ಮೂತ್ರದಲ್ಲೂ ಅಯೋಡಿನ್ ಹೆಚ್ಚಿರಲಿಲ್ಲ. (ಆ ನೆಪದಲ್ಲಿ ನಮ್ಮ ನವಜಾತ ಶಿಶುಗಳ ಕೊಠಡಿಯಿಂದ ಕಂದು ಬಾಟಲಿಯನ್ನೇ ಹೊರಹಾಕಿ ಕ್ಲೋರ್‌ಹೆಕ್ಸಿಡಿನ್ ತರಿಸಿದೆ, ಟಿಎಸ್‌ಎಚ್ ಮರುಪರೀಕ್ಷೆಗೆ ಕರೆಸಬೇಕಾದ ಶಿಶುಗಳು ಅಲ್ಲಿಂದ ಮುಂದೆ ಕಡಿಮೆಯಾದಂತೆ ನನಗೆ ಕಂಡಿದೆ, ಲೆಕ್ಕವಿಟ್ಟಿಲ್ಲ.) ಉಳಿದವು ಎರಡು: ಟಿಎಸ್‌ಎಚ್ ಗ್ರಾಹಕದ ದೋಷ, ಇಲ್ಲವೇ ಅಯೋಡೈಡನ್ನು ಜೀವಕೋಶದೊಳಗೆ ಎಳೆದು ತರುವ ವಾಹಕದ ದೋಷ. ಹಾರ್ಮೋನು ತಯಾರಿಕೆಯ ದೋಷಗಳಲ್ಲಿ ನಾವು ಹೆಚ್ಚಾಗಿ ಕಾಣುವುದು ಒಳಬಂದ ಅಯೋಡಿನ್ ಪ್ರೋಟೀನಿಗೆ ಅಂಟದಿರುವ ಬಗೆಯನ್ನು. ಅಂಥ ಮಗುವಿನ ಸ್ಕ್ಯಾನ್‌ನಲ್ಲಿ ಗ್ರಂಥಿ ಕತ್ತಲಾಗಿರುವುದಿಲ್ಲ, ದೊಡ್ಡದಾಗಿ ಹೊಳೆಯುತ್ತದೆ. ಪರ್‌ಕ್ಲೋರೇಟ್ ಕೊಟ್ಟೊಡನೆ ಹಿಡಿದದ್ದನ್ನು ಬಿಟ್ಟುಬಿಡುತ್ತದೆ. ನನ್ನ ಮಗುವಿನ ತೊಂದರೆ ಅದಕ್ಕೂ ಒಂದು ಮೆಟ್ಟಿಲು ಹಿಂದಿನದು, ಬಾಗಿಲಿನದು.

1996ರಲ್ಲಿ ಗುರುತಿಸಲಾದ ಈ ವಾಹಕ ಥೈರಾಯ್ಡಿಗಷ್ಟೇ ಸೀಮಿತವಲ್ಲ. ಜೊಲ್ಲುಗ್ರಂಥಿ, ಜಠರ ಮತ್ತು ಹಾಲೂಡುವ ಸ್ತನದಲ್ಲೂ ಅದೇ ಇದೆ. ಹಾಗಾಗಿ ವಾಹಕ ಕೆಟ್ಟಿದ್ದರೆ ಸ್ಕ್ಯಾನ್‌ನಲ್ಲಿ ಜೊಲ್ಲುಗ್ರಂಥಿ ಮತ್ತು ಜಠರಗಳೂ ಕತ್ತಲಾಗಿರಬೇಕು. ಗ್ರಾಹಕದ ದೋಷವಾಗಿದ್ದರೆ ಅವೆರಡೂ ಕಾಣಬೇಕು. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದಾಗ ಕೆನ್ನೆಯ ಕೆಳಗೂ ಏನೂ ಇರಲಿಲ್ಲ. ಹಿರಿಯರು ‘ಎಳೆಯ ಶಿಶುವಿನಲ್ಲಿ ಅದು ಮಂಕಾಗಿಯೇ ಇರುತ್ತದಯ್ಯಾ’ ಎಂದರು; ಆ ಆಕ್ಷೇಪ ಸುಳ್ಳಲ್ಲ. ಜಠರ ಕಂಡಿದ್ದರೆ ವಾದ ಅಲ್ಲೇ ಮುಗಿಯುತ್ತಿತ್ತು, ಆದರೆ ಕ್ಯಾಮೆರಾವನ್ನು ಕುತ್ತಿಗೆಗಷ್ಟೇ ಹಿಡಿದಿದ್ದರು. ಹೊಟ್ಟೆಯನ್ನೂ ಚಿತ್ರದೊಳಗೆ ಸೇರಿಸಿ ಎಂದು ಚೀಟಿಯಲ್ಲಿ ಬರೆಯದೆ ಹೋದದ್ದು ನನ್ನದೇ ತಪ್ಪು.

ಮುಂದಿನದು ಹಣ ಕಳೆದುಕೊಂಡ ಕಥೆ. ಮಗುವಿಗೆ ಒಂದೂವರೆ ವರ್ಷವಾದಾಗ ಹದಿನೆಂಟು ಸಾವಿರ ಕೊಟ್ಟು ಜೀನ್ ಪರೀಕ್ಷೆ ಮಾಡಿಸಿದೆವು. ಅರ್ಧವನ್ನು ನಾನೇ ಕೊಟ್ಟೆ. ವಾಹಕದ ಜೀನ್ ಆದ ಎಸ್‌ಎಲ್‌ಸಿ5ಎ5ರ ಎರಡೂ ಪ್ರತಿಗಳಲ್ಲಿ ಒಂದೇ ಬದಲಾವಣೆ ಸಿಕ್ಕಿತು, ಆದರೆ ಅದರ ಮುಂದೆ ‘ಮಹತ್ವ ಅನಿಶ್ಚಿತ’ ಎಂದು ಬರೆದಿತ್ತು. ತಂದೆ ‘ಹಾಗಂದ್ರೆ ಏನು ಡಾಕ್ಟ್ರೇ, ಇದೆಯಾ ಇಲ್ವಾ?’ ಎಂದು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಮೂರು ವರ್ಷಕ್ಕೆ ಮರುಪರಿಶೀಲನೆ ಬಂದಾಗ, ಮಾತ್ರೆಯನ್ನು ಒಂದು ತಿಂಗಳು ನಿಲ್ಲಿಸಿ ಸ್ಕ್ಯಾನ್ ಮಾಡೋಣ ಎಂಬ ಸಲಹೆಗೆ ನಾನು ಒಪ್ಪಲಿಲ್ಲ. ಜೊಲ್ಲುಗ್ರಂಥಿಯಲ್ಲಿರುವ ವಾಹಕ ಟಿಎಸ್‌ಎಚ್‌ನ ಮಾತು ಕೇಳುವುದಿಲ್ಲವಾದ್ದರಿಂದ, ಮಾತ್ರೆ ನಡೆಯುತ್ತಿರುವಾಗಲೇ ಜೊಲ್ಲನ್ನು ಪರೀಕ್ಷಿಸಬಹುದು ಎಂಬುದು ನನ್ನ ವಾದವಾಗಿತ್ತು. ಕ್ರಮ ಹಳೆಯದೇ: ವಿಕಿರಣ ಸೂಸುವ ಅಯೋಡಿನ್-131ನ್ನು ಅತ್ಯಲ್ಪ ಕೊಟ್ಟು, ಒಂದು ಗಂಟೆಯ ನಂತರ ಸಮ ಪ್ರಮಾಣದ ಜೊಲ್ಲು ಮತ್ತು ಪ್ಲಾಸ್ಮಾವನ್ನು ಎಣಿಕೆಯಂತ್ರದಲ್ಲಿಟ್ಟು ಅನುಪಾತ ನೋಡುವುದು. ವಾಹಕ ಸರಿಯಿದ್ದರೆ ಸಾಮಾನ್ಯವಾಗಿ ಜೊಲ್ಲಿನಲ್ಲಿ ಇಪ್ಪತ್ತು ಪಟ್ಟಿಗೂ ಹೆಚ್ಚು ಇರುತ್ತದೆ. ಪೂರ್ತಿ ಕೆಟ್ಟಿದ್ದರೆ ಒಂದರ ಸುತ್ತ ನಿಲ್ಲುತ್ತದೆ.

ಮೊದಲ ಸಲ ಹದಿನಾಲ್ಕು ಬಂತು. ಕೊಠಡಿಯಲ್ಲಿದ್ದವರು ನಕ್ಕರು. ನನಗೆ ಅನುಮಾನ ಹುಟ್ಟಿದ್ದು ಎರಡನೆಯ ಗಂಟೆಯ ಮಾದರಿಯಿಂದ: ಅನುಪಾತ ಐದಕ್ಕೆ ಕುಸಿದಿತ್ತು. ಜೊಲ್ಲುಗ್ರಂಥಿ ನಿಜವಾಗಿ ಸೇರಿಸಿಡುತ್ತಿದ್ದರೆ ಅಷ್ಟು ಬೇಗ ಬೀಳಬಾರದು. ಕುಡಿಸಿದ ದ್ರಾವಣವೇ ಬಾಯಲ್ಲಿ ಉಳಿದಿತ್ತು. ಕೆನ್ನೆಯ ಒಳಭಾಗ ಒರೆಸಿದ ಹತ್ತಿಯನ್ನು ಯಂತ್ರದಲ್ಲಿಟ್ಟಾಗ ಅದು ಖಚಿತವಾಯಿತು. ಕೆಲವು ವಾರಗಳ ನಂತರ ಮೂಗಿನ ಕೊಳವೆಯ ಮೂಲಕ ನೇರ ಹೊಟ್ಟೆಗೆ ಕೊಟ್ಟು, ಕೊಳವೆಯನ್ನು ನೀರಿನಿಂದ ತೊಳೆದು, ಬಾಯಿಗೆ ಏನೂ ತಾಗದಂತೆ ನೋಡಿಕೊಂಡೆವು. ಜೊಲ್ಲು ಬರಿಸಲು ನಿಂಬೆಯ ಬದಲು ನೀರು ಬೆರೆಸಿದ ಕಾಚಂಪುಳಿಯನ್ನು ನಾಲಿಗೆಯ ತುದಿಗೆ ತಾಗಿಸಿದೆ. ಹುಳಿ ಹೆಚ್ಚಾದರೆ ಜೊಲ್ಲು ನೀರಾಗಿ ಅನುಪಾತ ಇಳಿಯುತ್ತದೆ. ಎಷ್ಟು ಹುಳಿ, ಎಷ್ಟು ನೀರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ಕೈಗೆ ಬಂದ ಲೆಕ್ಕ. ಈ ಸಲ 1.2 ಬಂತು, ಎರಡನೆಯ ಗಂಟೆಯಲ್ಲೂ ಅಷ್ಟೇ. ಯಾರೂ ನಗಲಿಲ್ಲ.

‘ಸಾಗಾಣಿಕೆ ದೋಷ’ ಎಂದೊಡನೆ ಕೆಲವರು ಎಂಸಿಟಿ8 ಎಂಬ ಇನ್ನೊಂದು ವಾಹಕದ ದೋಷವನ್ನು ನೆನೆಯುತ್ತಾರೆ. ಅದು ಬೇರೆಯದೇ ಕಥೆ: ಅಲ್ಲಿ ಗ್ರಂಥಿ ಹಾರ್ಮೋನನ್ನು ಮಾಡುತ್ತದೆ, ಅದು ಮಿದುಳಿನ ಕೋಶದೊಳಗೆ ಹೋಗುವುದಿಲ್ಲ. ಗಂಡುಮಗು, ಕತ್ತು ನಿಲ್ಲದ ಮೆತ್ತನೆಯ ಮೈ, ಟಿ4 ಕಡಿಮೆ, ಟಿ3 ಹೆಚ್ಚು, ಟಿಎಸ್‌ಎಚ್ ಹೆಚ್ಚುಕಡಿಮೆ ಸರಿ. ಟಿಎಸ್‌ಎಚ್ ಒಂದನ್ನೇ ನೋಡುವ ನಮ್ಮ ಹಿಮ್ಮಡಿಯ ಪರೀಕ್ಷೆಗೆ ಅದು ಸಿಕ್ಕುವುದೂ ಇಲ್ಲ, ಬರೀ ಥೈರಾಕ್ಸಿನ್‌ನಿಂದ ಆ ಮಿದುಳಿಗೆ ಪ್ರಯೋಜನವೂ ಆಗುವುದಿಲ್ಲ.

ವಾಹಕದ ದೋಷದಲ್ಲಿ ಅಯೋಡೈಡನ್ನು ಹೆಚ್ಚಾಗಿ ಕೊಟ್ಟರೆ ಒಂದಿಷ್ಟು ತಾನಾಗಿ ಒಳಗೆ ನುಸುಳಿ ಕೆಲವರಲ್ಲಿ ಹಾರ್ಮೋನು ತಯಾರಾಗುತ್ತದೆ. ಆಸೆಯಾಯಿತು, ಮಾಡಲಿಲ್ಲ, ಮಾತ್ರೆಯಲ್ಲಿ ಟಿಎಸ್‌ಎಚ್ ಎರಡರ ಆಸುಪಾಸಿನಲ್ಲಿ ನಿಂತಿರುವಾಗ ಆ ಪ್ರಯೋಗ ನನ್ನ ಕುತೂಹಲಕ್ಕಷ್ಟೇ ಆಗುತ್ತಿತ್ತು. ಟಿಎಸ್‌ಎಚ್ ಒಮ್ಮೆ ಮಾತ್ರ, ಎರಡನೆಯ ಮಳೆಗಾಲದಲ್ಲಿ, 30ಕ್ಕೆ ಏರಿ ಕುತ್ತಿಗೆಯೂ ಉಬ್ಬಿತ್ತು. ನೋಡಿದರೆ ಅಜ್ಜಿ ಮಾತ್ರೆಗಳನ್ನು ಬಾಟಲಿಯಿಂದ ತೆಗೆದು ಒಲೆಯ ಮೇಲಿನ ತಟ್ಟೆಯಲ್ಲಿ ‘ಬೆಚ್ಚಗಿರಲಿ’ ಎಂದು ಹರಡಿದ್ದರು, ಅವು ಬಿಸಿಗೂ ಹಸಿಗೂ ಕೆಟ್ಟಿದ್ದವು. ಗ್ರಂಥಿಯೇ ಇಲ್ಲದ ಮಗುವಾಗಿದ್ದರೆ ಕುತ್ತಿಗೆ ಉಬ್ಬುತ್ತಿರಲಿಲ್ಲ ಎಂದು ಹಿರಿಯರಿಗೆ ಅಂದೇ ಫೋನ್ ಮಾಡಿ ಹೇಳಿದ್ದೆ.

ತಂದೆಯ ಪ್ರಶ್ನೆಗೆ ಈಗ ಉತ್ತರವಿತ್ತು: ಇದೆ, ಮತ್ತು ಮುಂದಿನ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಬರಬಹುದು. ಕಳೆದ ವರ್ಷ ತಮ್ಮ ಹುಟ್ಟಿದಾಗ ಮೂರನೆಯ ದಿನವೇ ಹಿಮ್ಮಡಿಯ ರಕ್ತ ತೆಗೆದೆವು. ಟಿಎಸ್‌ಎಚ್ 6 ಇತ್ತು, ಅಂದರೆ ಸಹಜ. ಅಕ್ಕನ ಕಡತದ ಮುಖಪುಟದಲ್ಲಿ ‘ಗ್ರಂಥಿ ಇಲ್ಲ’ ಎಂಬುದನ್ನು ಹೊಡೆದುಹಾಕಿ, ಮುಂದೊಂದು ದಿನ ಅವಳು ಮಗುವಿಗೆ ಹಾಲೂಡಿಸುವಾಗ ಆ ಹಾಲಿನಲ್ಲಿ ಅಯೋಡಿನ್ ಕಡಿಮೆಯಿರಬಹುದು ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದೇನೆ.